ಸ್ತಬ್ಧ ಚಿತ್ರದಲ್ಲಿ ವೇಗವಿಲ್ಲ

ಬರೆದುಕೊಟ್ಟ ವಿವರಣೆಯಿಂದ ವಿಡಿಯೊ ತಯಾರಿಸುವ ಎಐ ಮಾದರಿಗಳು ಒಂದು ಸಲಕ್ಕೆ ಕೊಡುವುದು ಕೆಲವೇ ಸೆಕೆಂಡುಗಳ ತುಣುಕು. ಅಲಿಬಾಬಾದ ‘ವಾನ್ 2.1’ ಸೆಕೆಂಡಿಗೆ 16ರಂತೆ 81 ಫ್ರೇಮು ಕೊಡುತ್ತದೆ, ಅಂದರೆ ಸುಮಾರು ಐದು ಸೆಕೆಂಡು. ದೋಸೆ ಹುಯ್ದು ತಟ್ಟೆಗೆ ಬರುವವರೆಗಿನ ದೃಶ್ಯ ಬೇಕಿದ್ದರೆ ಇಂಥ ಮೂರು ನಾಲ್ಕು ತುಣುಕುಗಳನ್ನು ಜೋಡಿಸಬೇಕು.

ಈ ಯಂತ್ರ ಫ್ರೇಮುಗಳನ್ನು ಒಂದಾದ ಮೇಲೊಂದರಂತೆ ಬಿಡಿಸುವುದಿಲ್ಲ. ಅರ್ಥವಿಲ್ಲದ ಚುಕ್ಕಿಗಳ ರಾಶಿಯಿಂದ ಹೊರಟು ಇಡೀ ತುಣುಕನ್ನು ಒಟ್ಟಿಗೇ ಹಂತಹಂತವಾಗಿ ತಿಳಿಗೊಳಿಸುತ್ತದೆ. ಅದಕ್ಕೇ ಒಂದು ತುಣುಕಿನೊಳಗೆ ಬೆಳಕು ಹೆಚ್ಚುಕಡಿಮೆ ಒಂದೇ ಸಮನಿರುತ್ತದೆ. ಮುಂದಿನ ತುಣುಕಿಗೆ ಚುಕ್ಕಿಗಳೂ ಹೊಸವು, ಹಿಂದಿನದರ ನೆನಪೂ ಇಲ್ಲ. ಎಡದ ಕಿಟಕಿಯಿಂದ ಬರುತ್ತಿದ್ದ ಬಿಸಿಲು ಬಲಕ್ಕೆ ಹೋಗಿ ಕೂತಿರಬಹುದು.

ಮೊದಲ ತುಣುಕಿನ ಕೊನೆಯ ಫ್ರೇಮನ್ನೇ ಎರಡನೆಯದಕ್ಕೆ ಆರಂಭದ ಚಿತ್ರವಾಗಿ ಕೊಟ್ಟರೆ ಸಾಲದೇ? ಬೆಳಕಿನ ದಿಕ್ಕಿನ ಮಟ್ಟಿಗೆ ಸಾಕು. ಚಲನೆಯ ಮಟ್ಟಿಗೆ ಸಾಲದು. ಸೌಟು ಕಾವಲಿಯ ಮೇಲೆ ಸುತ್ತುತ್ತಿರುವಾಗಲೇ ತುಣುಕು ಮುಗಿದಿದ್ದರೆ, ಆ ಒಂದು ಚಿತ್ರದಲ್ಲಿ ಸೌಟು ಎಲ್ಲಿದೆ ಎಂಬುದಿದೆ. ಎತ್ತ, ಎಷ್ಟು ವೇಗದಲ್ಲಿ ಹೋಗುತ್ತಿತ್ತು ಎಂಬುದಿಲ್ಲ. ಯಂತ್ರ ಊಹಿಸುತ್ತದೆ. ಸೌಟು ಗಕ್ಕನೆ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ತಿರುಗುತ್ತದೆ. ಚಲನೆಯಲ್ಲಿ ಮಸುಕಾದ ಬೆರಳುಗಳು ಹೊಸ ತುಣುಕಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಹೀಗೆ ಸರಪಳಿಯಾಗಿ ಬೆಸೆಯುತ್ತ ಹೋದರೆ ಪ್ರತಿ ಸಲವೂ ಬಣ್ಣ ಸ್ವಲ್ಪ ಸ್ವಲ್ಪ ಜಾರಿ, ನಾಲ್ಕನೆಯ ತುಣುಕಿನ ಹೊತ್ತಿಗೆ ದೋಸೆ ವಿಪರೀತ ಕೆಂಪಾಗಿರಬಹುದು.

ನಿಂತ ವಸ್ತುವಿಗೆ ಈ ಕಷ್ಟವಿಲ್ಲ. ಅದರ ವೇಗ ಸೊನ್ನೆ. ಹಾಗಾಗಿ ಐದು ಸೆಕೆಂಡಿನಲ್ಲಿ ಮೊದಲ ಮುಕ್ಕಾಲು ಸೆಕೆಂಡು ಸೌಟು ಹಿಟ್ಟಿನ ಪಾತ್ರೆಯಲ್ಲೇ ಇರಲಿ, ಕೊನೆಯ ಮುಕ್ಕಾಲು ಸೆಕೆಂಡು ಹರಡಿದ ಹಿಟ್ಟಿನಿಂದ ಕೈ ದೂರ ಸರಿದಿರಲಿ, ಕ್ಯಾಮೆರಾ ಅಲುಗದಿರಲಿ. ಎಡಿಟರ್ ಈ ಹನ್ನೆರಡು ಹನ್ನೆರಡು ಫ್ರೇಮುಗಳಲ್ಲಿ ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು. ಸಿನಿಮಾದವರು ಚಲನೆಯ ನಡುವೆಯೇ ಕತ್ತರಿಸುತ್ತಾರಲ್ಲ ಎನ್ನಬಹುದು. ಅವರಿಗೆ ಅದೇ ನಟ ಅದೇ ಕೈಯನ್ನು ಮತ್ತೆ ಹಾಗೇ ಎತ್ತುತ್ತಾನೆ. ಇನ್ನು ವಿವರಣೆಯಲ್ಲಿ ‘ಕೊನೆಗೆ ನಿಲ್ಲಲಿ’ ಎಂದು ಬರೆದರೆ ಯಂತ್ರ ಎಷ್ಟೋ ಸಲ ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಮೊದಲ ಮತ್ತು ಕೊನೆಯ ಚಿತ್ರ ಎರಡನ್ನೂ ಕೊಡಲು ಅವಕಾಶವಿರುವ ಮಾದರಿಯೇ ವಾಸಿ. ಆದರೆ ಎರಡು ಚಿತ್ರಗಳೂ ತೀರಾ ಒಂದೇ ತರಹ ಇದ್ದರೆ ನಡುವೆ ಏನೂ ನಡೆಯದೆ ಹೋಗಬಹುದು.

ಬೆಳಕಿಗೆ ನನಗೆ ಹಿಡಿಸಿದ ದಾರಿಯೆಂದರೆ, ವಿಡಿಯೊಗಿಂತ ಮೊದಲು ಎಲ್ಲ ಶಾಟ್‌ಗಳ ಸ್ಥಿರಚಿತ್ರಗಳನ್ನು ಒಂದೇ ಮೂಲಚಿತ್ರದಿಂದ ಮಾಡಿಕೊಳ್ಳುವುದು. ‘ಬೆಳಗಿನ ಬಿಸಿಲು, ಎಡದ ಕಿಟಕಿಯಿಂದ, ಓರೆಯಾಗಿ, ಗಾಢ ನೆರಳು’ ಎಂಬ ಮಾತು ಪ್ರತಿ ವಿವರಣೆಯಲ್ಲೂ ಅಕ್ಷರ ಬದಲಾಗದೆ ಇರಬೇಕು. ಆಮೇಲೆ ಅವನ್ನು ಅಕ್ಕಪಕ್ಕ ಇಟ್ಟು ಎರಡು ಕಡೆ ನೋಡಿ: ಸ್ಟೀಲ್ ತಟ್ಟೆಯ ಹೊಳಪಿನ ಬಣ್ಣ, ಚಟ್ನಿ ಬಟ್ಟಲಿನ ನೆರಳು. ಹೊಳಪು ತುಸು ಹಳದಿಯಾಗಿದ್ದರೆ ಎಡಿಟಿಂಗ್‌ನಲ್ಲಿ ಬಣ್ಣ ತಿದ್ದಬಹುದು. ನೆರಳು ಬೇರೆ ದಿಕ್ಕಿಗೆ ಬಿದ್ದಿದ್ದರೆ ಯಾವ ಬಣ್ಣತಿದ್ದುಪಡಿಯೂ ಉಳಿಸುವುದಿಲ್ಲ. ಚಿತ್ರವನ್ನೇ ಮತ್ತೆ ಮಾಡಬೇಕು. ಒಂದು ಚಿತ್ರ ಮತ್ತೆ ಮಾಡುವುದು 81 ಫ್ರೇಮು ಮತ್ತೆ ಮಾಡುವುದಕ್ಕಿಂತ ಎಷ್ಟೋ ಅಗ್ಗ.