ಪ್ರಶ್ನೆಯೇ ಇಲ್ಲದವನಿಗೆ ಆರು ಬಾಗಿಲು

ಚಾತುರ್ಮಾಸದ ದಿನಗಳಲ್ಲಿ ಬಸದಿಯ ಪ್ರವಚನ ಮುಗಿದ ಮೇಲೆ ಮುನಿಗಳು ‘ಶಂಕೆಗಳಿದ್ದರೆ ಕೇಳಬಹುದು’ ಎನ್ನುತ್ತಾರೆ. ಸಭೆ ಮೌನವಾಗುತ್ತದೆ. ಗ್ರಂಥಗಳ ಪರಿಚಯವುಳ್ಳ ಒಬ್ಬಿಬ್ಬರು ಮಾತನಾಡುತ್ತಾರೆ; ಉಳಿದವರು ನಮೋಸ್ತು ಹೇಳಿ ಎದ್ದುಹೋಗುತ್ತಾರೆ. ಅವರಲ್ಲಿ ಯಾರನ್ನಾದರೂ ವಿಚಾರಿಸಿದರೆ ‘ಏನು ಕೇಳಬೇಕೆಂದೇ ತಿಳಿಯುವುದಿಲ್ಲ’ ಎಂಬ ಉತ್ತರ ಬರುತ್ತದೆ. ಇದನ್ನು ಆಸಕ್ತಿಯ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಜೈನ ಶಾಸ್ತ್ರ ಹಾಗೆ ತಳ್ಳಿಹಾಕಲಿಲ್ಲ. ಆ ಸ್ಥಿತಿಗೆ ಒಂದು ಹೆಸರನ್ನೂ ಅಲ್ಲಿಂದ ಹೊರಡುವ ದಾರಿಯನ್ನೂ ಅದು ಕೊಟ್ಟಿದೆ.

ಸಮ್ಯಗ್ಜ್ಞಾನಕ್ಕೆ ಅಡ್ಡಿಯಾಗುವ ದೋಷಗಳು ಮೂರು: ಸಂಶಯ, ವಿಪರ್ಯಯ, ಅನಧ್ಯವಸಾಯ. ಮಸುಕು ಬೆಳಕಿನಲ್ಲಿ ದೂರದ ಆಕಾರವನ್ನು ಕಂಡು ‘ಮೋಟುಮರವೋ ಮನುಷ್ಯನೋ’ ಎಂದು ಮನಸ್ಸು ತೂಗಾಡುವುದು ಸಂಶಯ. ಹೊಳೆಯುವ ಚಿಪ್ಪನ್ನು ಬೆಳ್ಳಿಯೆಂದೇ ನಂಬುವುದು ವಿಪರ್ಯಯ. ಇನ್ನು ದಾರಿಯಲ್ಲಿ ನಡೆಯುವಾಗ ಕಾಲಿಗೆ ಹುಲ್ಲು ತಗಲಿ ‘ಏನೋ ಸೋಕಿತು’ ಎಂದಷ್ಟೇ ಅನಿಸಿ, ಅದೇನೆಂದು ನೋಡದೆ ಮುಂದೆ ಸಾಗಿದರೆ ಅದು ಅನಧ್ಯವಸಾಯ. ಧರ್ಮಭೂಷಣ ಯತಿಗಳ ‘ನ್ಯಾಯದೀಪಿಕೆ’ಯನ್ನು ಓದಿದವರಿಗೆ ಈ ಉದಾಹರಣೆಗಳು ಪರಿಚಿತ.

ಏನು ಕೇಳಬೇಕೆಂದು ತಿಳಿಯದವನ ಸ್ಥಿತಿ ಈ ಮೂರನೆಯದು. ಅವನಿಗೆ ಏನೋ ಸೋಕಿದೆ. ಸೋಕಿರದಿದ್ದರೆ ಅವನು ಬಸದಿಯವರೆಗೆ ಬರುತ್ತಿರಲಿಲ್ಲ. ಆದರೆ ಸೋಕಿದ್ದು ಏನೆಂಬುದರತ್ತ ದೃಷ್ಟಿ ತಿರುಗಿಲ್ಲ. ಇಂಥವನಿಗೆ ಒಮ್ಮೆಲೇ ನಿರ್ಣಯವನ್ನು ಕೊಟ್ಟರೆ ಅದು ನಿಲ್ಲುವುದಿಲ್ಲ. ಮೊದಲು ಅವನು ‘ಏನೋ’ ಎಂಬಲ್ಲಿಂದ ‘ಇದೋ, ಅದೋ’ ಎಂಬಲ್ಲಿಗೆ ಬರಬೇಕು. ಸಂಶಯ ದೋಷವೇ ಆದರೂ ಇಲ್ಲಿ ಅದು ಒಂದು ಮೆಟ್ಟಿಲು, ಏಕೆಂದರೆ ಪ್ರಶ್ನೆ ಹುಟ್ಟುವುದು ಎರಡು ಪಕ್ಷಗಳು ಎದುರಾದಾಗ.

ಆ ಮೆಟ್ಟಿಲನ್ನು ಏರಿಸುವ ಸಾಧನ ‘ತತ್ತ್ವಾರ್ಥಸೂತ್ರ’ದ ಮೊದಲ ಅಧ್ಯಾಯದ ಏಳನೆಯ ಸೂತ್ರದಲ್ಲಿದೆ. ಯಾವ ವಸ್ತುವನ್ನೇ ಆಗಲಿ ತಿಳಿಯಲು ಅಲ್ಲಿ ಆರು ಅನುಯೋಗಗಳನ್ನು ಹೇಳಲಾಗಿದೆ. ಅನುಯೋಗವೆಂದರೆ ಪ್ರಶ್ನೆ, ತತ್ತ್ವದ ಮನೆಗೆ ಪ್ರವೇಶಿಸುವ ಬಾಗಿಲು. ಅದು ಏನು ಎಂಬುದು ನಿರ್ದೇಶ. ಅದು ಯಾರದು ಎಂಬುದು ಸ್ವಾಮಿತ್ವ. ಯಾವುದರಿಂದ ಉಂಟಾಯಿತು ಎಂಬುದು ಸಾಧನ. ಎಲ್ಲಿ ನೆಲೆಸಿದೆ ಎಂಬುದು ಅಧಿಕರಣ. ಎಷ್ಟು ಕಾಲ ಇರುತ್ತದೆ ಎಂಬುದು ಸ್ಥಿತಿ. ಎಷ್ಟು ವಿಧ ಎಂಬುದು ವಿಧಾನ. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಈ ಆರನ್ನೂ ಸಮ್ಯಗ್ದರ್ಶನಕ್ಕೆ ಅನ್ವಯಿಸಿ ತೋರಿಸಿದ್ದಾರೆ. ಆದರೆ ಇವು ಅಷ್ಟು ಎತ್ತರದ ವಿಷಯಕ್ಕೇ ಮೀಸಲಲ್ಲ. ಮನೆಯೊಳಗಿನ ಸಂಕಟಕ್ಕೂ ಇದೇ ಬಾಗಿಲುಗಳು ಸಾಕು.

ಒಬ್ಬ ಶ್ರಾವಕನನ್ನು ಊಹಿಸಿಕೊಳ್ಳೋಣ. ಅಡಿಕೆ ತೋಟದ ಪಾಲಿನ ವಿಷಯದಲ್ಲಿ ತಮ್ಮನೊಂದಿಗೆ ಮಾತು ಬಿಟ್ಟಿದ್ದಾನೆ. ನಿತ್ಯ ಅಭಿಷೇಕ ನೋಡುತ್ತಾನೆ, ಜಪ ಮಾಡುತ್ತಾನೆ. ಮುನಿಗಳ ಮುಂದೆ ಕುಳಿತು ‘ಮಹಾರಾಜರೇ, ಮನಸ್ಸಿಗೆ ನೆಮ್ಮದಿ ಇಲ್ಲ. ಏನು ಕೇಳಬೇಕೆಂದು ಗೊತ್ತಾಗುತ್ತಿಲ್ಲ’ ಎನ್ನುತ್ತಾನೆ. ಮುನಿಗಳು ಉಪದೇಶಕ್ಕೆ ತೊಡಗದೆ ಮೊದಲ ಬಾಗಿಲನ್ನು ತೆರೆಯುತ್ತಾರೆ: ನೆಮ್ಮದಿ ಇಲ್ಲ ಎಂದರೆ ಏನಿದೆ? ದುಃಖವೋ, ಭಯವೋ, ಕೋಪವೋ? ಅವನು ಸ್ವಲ್ಪ ತಡೆದು ‘ಕೋಪ’ ಎನ್ನುತ್ತಾನೆ. ನಿರ್ದೇಶ ಆಯಿತು. ಹೆಸರಿಲ್ಲದ ತಳಮಳಕ್ಕೆ ಕ್ರೋಧಕಷಾಯ ಎಂಬ ಹೆಸರು ಬಂದಿತು.

ಎರಡನೆಯ ಬಾಗಿಲು: ಈ ಕ್ರೋಧ ಯಾರದು? ಅವನು ತಮ್ಮನ ತಪ್ಪುಗಳನ್ನು ಎಣಿಸತೊಡಗುತ್ತಾನೆ. ಸಾಮಾನ್ಯವಾಗಿ ಮಾತು ದಾರಿ ತಪ್ಪುವುದು ಇಲ್ಲಿಯೇ. ತಪ್ಪು ತಮ್ಮನದಿರಬಹುದು, ಕ್ರೋಧದ ಸ್ವಾಮಿ ಯಾರು ಎಂಬುದು ಬೇರೆಯೇ ಪ್ರಶ್ನೆ. ಕ್ರೋಧವು ಅದನ್ನು ಅನುಭವಿಸುವ ಜೀವನ ಪರಿಣಾಮ. ತಮ್ಮನ ಕ್ರೋಧದ ಲೆಕ್ಕ ತಮ್ಮನಿಗೆ, ಅಣ್ಣನದು ಅಣ್ಣನಿಗೆ. ಈ ಬಾಗಿಲನ್ನು ದಾಟಿದವನು ಮುಂದಿನ ಪ್ರಶ್ನೆಗಳನ್ನೆಲ್ಲ ತನ್ನ ಬಗ್ಗೆಯೇ ಕೇಳಬೇಕಾಗುತ್ತದೆ.

ಮೂರನೆಯದು ಸಾಧನ. ಹೊರಗಿನ ಕಾರಣ ತೋಟದ ಪಾಲು. ಆದರೆ ಅದೇ ಪಾಲಿನಲ್ಲಿ ಅಕ್ಕನಿಗೂ ನಷ್ಟವಾಗಿದೆ, ಅವಳು ತಮ್ಮನ ಮನೆಗೆ ಹೋಗಿಬರುತ್ತಿದ್ದಾಳೆ. ಹೊರಗಿನ ಕಾರಣವೊಂದೇ ಸಾಕಾಗಿದ್ದರೆ ಇಬ್ಬರಲ್ಲೂ ಒಂದೇ ಫಲ ಕಾಣಬೇಕಿತ್ತು. ಒಳಗಿನ ಕಾರಣ ಚಾರಿತ್ರಮೋಹನೀಯ ಕರ್ಮದ ಉದಯ ಎಂದು ಶಾಸ್ತ್ರ ಹೇಳುತ್ತದೆ. ಆ ಉದಯಕ್ಕೆ ಇವನು ತನ್ನ ಉಪಯೋಗವನ್ನು ಎಷ್ಟು ಒಪ್ಪಿಸಿಬಿಟ್ಟಿದ್ದಾನೆ ಎಂಬುದನ್ನು ತಾನೇ ನೋಡಿಕೊಳ್ಳಬೇಕು.

ನಾಲ್ಕನೆಯದು ಅಧಿಕರಣ. ಕ್ರೋಧ ಎಲ್ಲಿದೆ? ‘ತೋಟದ ಬೇಲಿಯ ಬಳಿ ಹೋದಾಗ ಬರುತ್ತದೆ’ ಎನ್ನುತ್ತಾನೆ. ಬಸದಿಯಲ್ಲಿ ತಮ್ಮನನ್ನು ಕಂಡಾಗ? ‘ಅಲ್ಲಿಯೂ ಬರುತ್ತದೆ.’ ಹಾಗಾದರೆ ಅದರ ಆಧಾರ ಬೇಲಿಯೂ ಅಲ್ಲ, ಬಸದಿಯೂ ಅಲ್ಲ. ಅವನು ಹೋದಲ್ಲೆಲ್ಲ ಅದು ಬರುತ್ತಿದೆ, ಏಕೆಂದರೆ ಅದರ ನೆಲೆ ಅವನೇ.

ಐದನೆಯ ಬಾಗಿಲು ಸ್ಥಿತಿ. ಎಷ್ಟು ಕಾಲದಿಂದ? ಅವನು ಎಣಿಸಿ ನೋಡುತ್ತಾನೆ. ಎರಡು ದಶಲಕ್ಷಣ ಪರ್ವಗಳು ಕಳೆದಿವೆ. ಎರಡು ಸಲವೂ ಉತ್ತಮ ಕ್ಷಮೆಯ ಪೂಜೆ ಮಾಡಿದ್ದಾನೆ. ಕ್ಷಮಾವಣಿಯಂದು ಊರಿನವರಿಗೆಲ್ಲ ಕೈಮುಗಿದು ಕ್ಷಮೆ ಕೇಳಿದ್ದಾನೆ. ತಮ್ಮನೊಬ್ಬನ ಮುಂದೆ ಮಾತ್ರ ಕೈ ಮೇಲೇಳಲಿಲ್ಲ.

ಇಲ್ಲಿ ಆರನೆಯ ಬಾಗಿಲು, ವಿಧಾನ, ತೆರೆಯಬೇಕಾಗುತ್ತದೆ. ಕ್ರೋಧ ನಾಲ್ಕು ವಿಧ. ನೀರಿನ ಗೆರೆಯಂತೆ ಬೇಗನೆ ಅಳಿಯುವುದು ಸಂಜ್ವಲನ. ಧೂಳಿನ ಗೆರೆಯಂಥದು ಪ್ರತ್ಯಾಖ್ಯಾನಾವರಣ. ನೆಲದ ಬಿರುಕಿನಂಥದು ಅಪ್ರತ್ಯಾಖ್ಯಾನಾವರಣ. ಕಲ್ಲಿನ ಗೆರೆಯಂಥದು ಅನಂತಾನುಬಂಧಿ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಕರ್ಮಕಾಂಡವು ಇವುಗಳ ವಾಸನಾಕಾಲವನ್ನು, ಅಂದರೆ ಉದ್ರೇಕ ಇಳಿದ ಮೇಲೂ ಸಂಸ್ಕಾರ ಉಳಿಯುವ ಅವಧಿಯನ್ನು ಹೇಳುತ್ತದೆ. ಮೊದಲನೆಯದಕ್ಕೆ 48 ನಿಮಿಷಗಳೊಳಗಿನ ಅಂತರ್ಮುಹೂರ್ತ, ಎರಡನೆಯದಕ್ಕೆ ಒಂದು ಪಕ್ಷ, ಮೂರನೆಯದಕ್ಕೆ 6 ತಿಂಗಳು. ಅದನ್ನು ಮೀರಿ ಭವಭವಗಳಿಗೂ ಹರಿಯುವುದು ಅನಂತಾನುಬಂಧಿ. ಸಂಜ್ವಲನ ಯಥಾಖ್ಯಾತ ಚಾರಿತ್ರವನ್ನು ತಡೆಯುತ್ತದೆ, ಪ್ರತ್ಯಾಖ್ಯಾನಾವರಣ ಮಹಾವ್ರತವನ್ನು, ಅಪ್ರತ್ಯಾಖ್ಯಾನಾವರಣ ಅಣುವ್ರತವನ್ನು. ಅನಂತಾನುಬಂಧಿ ಸಮ್ಯಕ್ತ್ವವನ್ನೇ ತಡೆಯುತ್ತದೆ.

ಇದನ್ನು ಕೇಳಿದ ಶ್ರಾವಕನ ಬಾಯಲ್ಲಿ ಈಗ ಪ್ರಶ್ನೆ ತಾನಾಗಿಯೇ ಬರುತ್ತದೆ: ‘ಮಹಾರಾಜರೇ, ನನ್ನ ಕೋಪ ವ್ರತವನ್ನು ಮಾತ್ರ ತಡೆಯುತ್ತಿದೆಯೋ, ಶ್ರದ್ಧೆಯನ್ನೇ ತಡೆಯುತ್ತಿದೆಯೋ?’ ಏನು ಕೇಳಬೇಕೆಂದು ತಿಳಿಯದೆ ಬಂದವನು ಈಗ ಎರಡು ಪಕ್ಷಗಳ ನಡುವೆ ನಿಂತಿದ್ದಾನೆ. ಮೋಟುಮರವೋ ಮನುಷ್ಯನೋ ಎಂದು ನೋಡುವವನಂತೆ ಅವನ ಕಣ್ಣು ಈಗ ಒಂದೇ ಕಡೆ ನೆಟ್ಟಿದೆ.

ಈ ಪ್ರಶ್ನೆಗೆ ಮುನಿಗಳು ತೀರ್ಪು ಕೊಡುವುದಿಲ್ಲ. ಒಬ್ಬನಲ್ಲಿ ಯಾವ ಕರ್ಮಪ್ರಕೃತಿಯ ಉದಯವಿದೆ ಎಂಬುದು ಪ್ರತ್ಯಕ್ಷಜ್ಞಾನಿಗಳ ವಿಷಯ. ಕಾಲದ ಅಳತೆ ನಮಗೆ ಎಚ್ಚರಿಕೆಯ ಗುರುತು. ಆ ಅಳತೆಯನ್ನು ತಮ್ಮನ ಮೇಲೆ ಹಿಡಿದರೆ ಮತ್ತೆ ಸ್ವಾಮಿತ್ವದ ಬಾಗಿಲಲ್ಲೇ ಎಡವಿದಂತೆ. ಕ್ಷಮೆ ಕೇಳುವುದೆಂದರೆ ತೋಟದ ಹಕ್ಕನ್ನು ಬಿಟ್ಟುಕೊಡುವುದೂ ಅಲ್ಲ. ಪಾಲಿನ ನ್ಯಾಯ ಹಿರಿಯರ ಮುಂದೆ, ಕಾಗದಪತ್ರಗಳ ಮೇಲೆ ನಡೆಯಲಿ. ಕ್ರೋಧದ ಗೆರೆ ಕಲ್ಲಿನದಾಗದಂತೆ ನೋಡಿಕೊಳ್ಳುವ ಕೆಲಸ ಅದಕ್ಕಾಗಿ ಕಾಯಬೇಕಿಲ್ಲ. ದಿನದ ಪ್ರತಿಕ್ರಮಣ, ಪಕ್ಷದ ಪ್ರತಿಕ್ರಮಣ, ನಾಲ್ಕು ತಿಂಗಳಿನದು, ವರ್ಷದ್ದು ಎಂಬ ಕ್ರಮವನ್ನು ಅವನು ಈಗ ಹೊಸದಾಗಿ ನೋಡಬಲ್ಲ. ಗೆರೆ ಆಳವಾಗುವ ಮೊದಲೇ ಹಿಂತಿರುಗಿ ನೋಡುವ ಅವಕಾಶಗಳು ಅವು.

ಆರು ಬಾಗಿಲುಗಳನ್ನೂ ಒಂದೇ ದಿನ ತೆರೆಯಬೇಕೆಂಬ ನಿಯಮವಿಲ್ಲ. ಸ್ವಾಧ್ಯಾಯದ ಐದು ಅಂಗಗಳಲ್ಲಿ ವಾಚನಾ ಮೊದಲು, ಪೃಚ್ಛನಾ ಎರಡನೆಯದು, ಅನುಪ್ರೇಕ್ಷೆ ಮೂರನೆಯದು. ಕೇಳುವ ಮೊದಲು ಸ್ವಲ್ಪವಾದರೂ ಓದಿರಬೇಕು ಅಥವಾ ಓದಿಸಿ ಕೇಳಿರಬೇಕು. ಕೇಳಿದ ಮೇಲೆ ಅದನ್ನು ಮನಸ್ಸಿನಲ್ಲಿ ಹೊರಳಿಸಬೇಕು. ಪ್ರಶ್ನೆಯೇ ಹುಟ್ಟದಿದ್ದಾಗ ಹೆಚ್ಚಾಗಿ ಕೊರತೆ ಇರುವುದು ವಾಚನೆಯಲ್ಲಿ. ಕಷಾಯದ ನಾಲ್ಕು ಹೆಸರುಗಳನ್ನೇ ಕೇಳದವನಿಗೆ ತನ್ನ ಕೋಪ ಯಾವುದೆಂಬ ಶಂಕೆ ಹೇಗೆ ಬಂದೀತು? ದಿನಕ್ಕೆ ಒಂದು ಸೂತ್ರದ ಅರ್ಥವನ್ನು ಓದಿ, ಅದಕ್ಕೆ ಆರರಲ್ಲಿ ಒಂದು ಪ್ರಶ್ನೆಯನ್ನು ಹಾಕಿಕೊಂಡರೆ ಆರಂಭವಾಯಿತು.

ಪ್ರಶ್ನೆ ಸರಿಯಾದುದೋ ಅಲ್ಲವೋ ಎಂದು ತಿಳಿಯುವ ಗುರುತನ್ನೂ ಆಚಾರ್ಯರು ಹೇಳಿದ್ದಾರೆ. ಸಂಶಯವನ್ನು ಕತ್ತರಿಸಲು, ಇಲ್ಲವೇ ನಿಶ್ಚಯವಾದುದಕ್ಕೆ ಬಲ ತುಂಬಲು ಕೇಳಿದರೆ ಅದು ಪೃಚ್ಛನಾ. ತನ್ನ ಪಾಂಡಿತ್ಯವನ್ನು ಮೆರೆಸಲು, ಎದುರಿನವರನ್ನು ಸೋಲಿಸಲು, ಹಾಸ್ಯಮಾಡಲು ಕೇಳಿದರೆ ಅಲ್ಲ. ಕೇಳಿದವನು ತಾನು ಯಾವ ಎರಡು ಪಕ್ಷಗಳ ನಡುವೆ ನಿಂತಿದ್ದೆ ಎಂದು ಹೇಳಬಲ್ಲನಾದರೆ ಪ್ರಶ್ನೆ ಅವನದೇ. ಹೇಳಲಾರನಾದರೆ ಅದು ಬೇರೆಯವರಿಂದ ಎರವಲು ತಂದ ಮಾತು.

‘ಸರ್ವಾರ್ಥಸಿದ್ಧಿ’ಯ ಆರಂಭದಲ್ಲಿ ಒಬ್ಬ ಭವ್ಯ ಬರುತ್ತಾನೆ. ಏಕಾಂತವಾದ ರಮ್ಯ ಆಶ್ರಮದಲ್ಲಿ ಮುನಿಗಳ ನಡುವೆ ಕುಳಿತ ನಿರ್ಗ್ರಂಥಾಚಾರ್ಯರನ್ನು ಸಮೀಪಿಸಿ, ಆತ್ಮಕ್ಕೆ ಹಿತವಾದುದು ಏನು ಎಂದು ವಿನಯದಿಂದ ಕೇಳುತ್ತಾನೆ. ಆಚಾರ್ಯರು ‘ಮೋಕ್ಷ’ ಎಂದರೆ, ಅದರ ಸ್ವರೂಪವೇನು, ಅದನ್ನು ಪಡೆಯುವ ಉಪಾಯವೇನು ಎಂದು ಮತ್ತೆ ಕೇಳುತ್ತಾನೆ. ಅವನ ಮೊದಲ ಮಾತಿನಲ್ಲಿ ಪಾರಿಭಾಷಿಕ ಪದ ಒಂದೂ ಇಲ್ಲ. ಏನು, ಹೇಗೆ ಎಂಬ ಆ ಸಾದಾ ಮಾತುಗಳಿಗೆ ಉತ್ತರವಾಗಿಯೇ ಹತ್ತು ಅಧ್ಯಾಯಗಳ ತತ್ತ್ವಾರ್ಥಸೂತ್ರ ತೆರೆದುಕೊಳ್ಳುತ್ತದೆ.