ಬೀಳುವ ಸ್ಕೇಲು, ಒಂದು ಲೋಟ ಕಾಫಿ: ಪ್ರತಿಕ್ರಿಯಾ ಕಾಲದ ಪ್ರಯೋಗವನ್ನು ವರದಿಯಲ್ಲಿ ಬರೆಯುವುದು ಹೇಗೆ?

ಪರದೆ ಹಸಿರಾದ ಕೂಡಲೇ ಬೆರಳೊತ್ತಿ, ನಿಮ್ಮ ಮೆದುಳಿನ ವಯಸ್ಸು ತಿಳಿಯಿರಿ ಎನ್ನುವ ಲಿಂಕ್ ಯಾವುದಾದರೂ ಗ್ರೂಪಿನಲ್ಲಿ ನಿಮಗೂ ಬಂದಿರಬಹುದು. ಒತ್ತಿದರೆ ‘270 ಮಿಲಿಸೆಕೆಂಡ್’ ಎಂಬ ಸಂಖ್ಯೆ ಬರುತ್ತದೆ. ಅದರ ಕೆಳಗೆ ‘ನಿಮ್ಮ ಮೆದುಳಿಗೆ 55 ವರ್ಷ’ ಎಂಬ ತೀರ್ಪೂ ಇರುತ್ತದೆ. ನಲವತ್ತರ ಆಸುಪಾಸಿನವರು ಅದನ್ನು ನೋಡಿ ಒಂದು ಕ್ಷಣ ಗಾಬರಿಯಾಗುವುದು ಸಹಜ.

ಇಲ್ಲಿ ಅಳೆಯುತ್ತಿರುವುದನ್ನು ಸರಳ ಪ್ರತಿಕ್ರಿಯಾ ಕಾಲ ಎನ್ನುತ್ತಾರೆ. ಸೂಚನೆ ಒಂದೇ, ಪ್ರತಿಕ್ರಿಯೆಯೂ ಒಂದೇ, ಅವೆರಡರ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದಷ್ಟೇ ಲೆಕ್ಕ. ಮನೋವಿಜ್ಞಾನ ಓದುವ ವಿದ್ಯಾರ್ಥಿಗಳು ಪ್ರಾಯೋಗಿಕ ತರಗತಿಯ ಶುರುವಿನಲ್ಲೇ ಮಾಡುವ ಪ್ರಯೋಗಗಳಲ್ಲಿ ಇದೂ ಒಂದು. ವರದಿ ಬರೆಯುವಾಗ ಅವರನ್ನು ಕಾಡುವ ಭಾಗಗಳು ಎರಡು: ವಿಧಾನ ಮತ್ತು ಚರ್ಚೆ. ಫಾರ್ವರ್ಡ್‌ನಲ್ಲಿ ಕಾಣೆಯಾಗಿರುವುದೂ ಇವೆರಡೇ. ಸಂಖ್ಯೆ ಇರುತ್ತದೆ, ತೀರ್ಪು ಇರುತ್ತದೆ, ಅಳೆದದ್ದು ಹೇಗೆ ಎಂಬುದು ಮಾತ್ರ ಇರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಬ್ಬರು 30 ಸೆಂಟಿಮೀಟರ್ ಸ್ಕೇಲನ್ನು ನೆಟ್ಟಗೆ ಹಿಡಿದು ಬಿಡುತ್ತಾರೆ, ಇನ್ನೊಬ್ಬರು ಅದನ್ನು ಎರಡು ಬೆರಳಲ್ಲಿ ಹಿಡಿಯುತ್ತಾರೆ. ಬೀಳುವ ವಸ್ತು ಎಷ್ಟು ದೂರಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿರುವ ವಿಷಯ. ಹಾಗಾಗಿ ಎಲ್ಲಿ ಹಿಡಿದರು ಎಂಬುದರಿಂದ ಕಾಲ ಸಿಗುತ್ತದೆ. ಸೂತ್ರ t = √(2d/g). 20 ಸೆಂ.ಮೀ.ನಲ್ಲಿ ಹಿಡಿದರೆ 202 ಮಿಲಿಸೆಕೆಂಡ್, 18ರಲ್ಲಿ ಹಿಡಿದರೆ 192.

ನಮ್ಮ ಪ್ರಶ್ನೆ ಇದು: ಕಾಫಿ ಕುಡಿದರೆ ಕೈ ಚುರುಕಾಗುತ್ತದೆಯೇ? ಒಬ್ಬ ವಿದ್ಯಾರ್ಥಿನಿ ಕಾಫಿಗೆ ಮುಂಚೆ ಹತ್ತು ಸಲ, ಕುಡಿದ ಅರ್ಧ ಗಂಟೆಯ ನಂತರ ಹತ್ತು ಸಲ ಸ್ಕೇಲು ಹಿಡಿದಳು ಎಂದುಕೊಳ್ಳಿ. ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ಸಂಖ್ಯೆಗಳಿವು: ಮುಂಚಿನ ಸರಾಸರಿ 202 ಮಿಲಿಸೆಕೆಂಡ್, ನಂತರದ್ದು 192.

ವಿಧಾನ: ಓದಿದವರು ಅದನ್ನೇ ಮತ್ತೆ ಮಾಡುವಂತಿರಬೇಕು

ಹೆಚ್ಚಿನ ವರದಿಗಳಲ್ಲಿ ಕಾಣುವ ವಾಕ್ಯ ಹೀಗಿರುತ್ತದೆ: “ಸ್ಕೇಲಿನ ಸಹಾಯದಿಂದ ಪ್ರತಿಕ್ರಿಯಾ ಕಾಲವನ್ನು ಅಳೆಯಲಾಯಿತು.” ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಉಪಯೋಗವೂ ಇಲ್ಲ. ಇದನ್ನೋದಿದ ಇನ್ನೊಬ್ಬರು ಅದೇ ಪ್ರಯೋಗ ಮಾಡಲು ಹೊರಟರೆ ಮೊದಲ ನಿಮಿಷದಲ್ಲೇ ನಾಲ್ಕಾರು ಪ್ರಶ್ನೆ ಏಳುತ್ತವೆ. ಹೀಗೆ ಬರೆದರೆ ಆ ಪ್ರಶ್ನೆಗಳು ಏಳುವುದಿಲ್ಲ:

“ಭಾಗವಹಿಸಿದ್ದು 21 ವರ್ಷದ, ಬಲಗೈ ಬಳಸುವ ಒಬ್ಬ ವಿದ್ಯಾರ್ಥಿನಿ. ಬೆಳಿಗ್ಗೆಯಿಂದ ಕಾಫಿ, ಟೀ ಕುಡಿದಿರಲಿಲ್ಲ. ಮೊಣಕೈಯನ್ನು ಮೇಜಿನ ಮೇಲೆ ಊರಿ, ಅಂಗೈಯನ್ನು ಮೇಜಿನ ಅಂಚಿನಿಂದ ಆಚೆ ಚಾಚಿ ಕುಳಿತಿದ್ದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ 2 ಸೆಂ.ಮೀ. ಅಂತರವಿತ್ತು. ಸ್ಕೇಲಿನ ಸೊನ್ನೆಯ ಗುರುತು ಹೆಬ್ಬೆರಳಿನ ಮೇಲಂಚಿಗೆ ಸರಿಯಾಗಿತ್ತು. ‘ರೆಡಿ’ ಎಂದ ಮೇಲೆ 1ರಿಂದ 4 ಸೆಕೆಂಡಿನೊಳಗೆ ಸ್ಕೇಲನ್ನು ಬಿಡಲಾಯಿತು. ಪ್ರತಿ ಸಲ ಎಷ್ಟು ಸೆಕೆಂಡ್ ಕಾಯಬೇಕು ಎಂಬುದನ್ನು ಮೊದಲೇ ಚೀಟಿ ಎತ್ತಿ ಬರೆದಿಡಲಾಗಿತ್ತು. ಐದು ಸಲ ಅಭ್ಯಾಸ ಮಾಡಿಸಿ, ನಂತರದ ಹತ್ತು ಸಲವನ್ನು ದಾಖಲಿಸಲಾಯಿತು. ಹಿಡಿದ ಜಾಗವನ್ನು ಹೆಬ್ಬೆರಳಿನ ಮೇಲಂಚಿನಲ್ಲೇ ಓದಲಾಯಿತು. 5 ಸೆಂ.ಮೀ.ಗಿಂತ ಮೊದಲೇ ಹಿಡಿದದ್ದನ್ನು ಊಹೆಯೆಂದು ಬಿಟ್ಟು ಮತ್ತೆ ಮಾಡಿಸಲಾಯಿತು. ಪ್ರತಿ ಅಳತೆಯನ್ನೂ ಮೊದಲು ಮಿಲಿಸೆಕೆಂಡಿಗೆ ಪರಿವರ್ತಿಸಿ, ಆಮೇಲೆ ಸರಾಸರಿ ತೆಗೆಯಲಾಯಿತು.”

ಇಷ್ಟೊಂದು ವಿವರ ಅತಿಯಾಯಿತು ಅನಿಸಬಹುದು. ಆದರೆ ಇದರಲ್ಲಿ ಸುಮ್ಮನೆ ಸೇರಿಸಿದ್ದು ಯಾವುದೂ ಇಲ್ಲ. ಚೀಟಿಯ ವಿಷಯವನ್ನೇ ನೋಡಿ. ಪ್ರತಿ ಸಲವೂ ‘ರೆಡಿ’ ಎಂದ ಎರಡೇ ಸೆಕೆಂಡಿಗೆ ಬಿಟ್ಟರೆ, ಹಿಡಿಯುವವರು ನಾಲ್ಕನೇ ಸಲಕ್ಕೆ ಆ ತಾಳ ಹಿಡಿದುಬಿಡುತ್ತಾರೆ. ಆಮೇಲೆ ಅವರು ಸ್ಕೇಲು ಬೀಳುವುದನ್ನು ನೋಡಿ ಹಿಡಿಯುತ್ತಿರುವುದಿಲ್ಲ, ಎಣಿಸಿ ಹಿಡಿಯುತ್ತಿರುತ್ತಾರೆ. ಆಗ ನೀವು ಅಳೆದದ್ದು ಪ್ರತಿಕ್ರಿಯಾ ಕಾಲವೇ ಅಲ್ಲ.

5 ಸೆಂ.ಮೀ. ನಿಯಮದ ಹಿಂದಿರುವುದೂ ಇದೇ ಕಾರಣ. ಸ್ಕೇಲು ಸುಮಾರು 4.9 ಸೆಂ.ಮೀ. ಬೀಳಲು 100 ಮಿಲಿಸೆಕೆಂಡ್ ಬೇಕು. ಬೀಳುವುದನ್ನು ಕಂಡು, ಮೆದುಳಿಗೆ ಸುದ್ದಿ ಮುಟ್ಟಿ, ಬೆರಳು ಮುಚ್ಚಿಕೊಳ್ಳುವುದಕ್ಕೆ ಅಷ್ಟು ಕಡಿಮೆ ಹೊತ್ತು ಸಾಲದು. ಅದಕ್ಕೂ ಮೊದಲೇ ಹಿಡಿದಿದ್ದರೆ ಬೆರಳು ಮುಂಚೆಯೇ ಹೊರಟಿತ್ತು ಎಂದರ್ಥ. ಈ ನಿಯಮವನ್ನು ಪ್ರಯೋಗಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಫಲಿತಾಂಶ ನೋಡಿದ ಮೇಲೆ ಯಾವುದನ್ನು ಬಿಡೋಣ ಎಂದು ಕುಳಿತರೆ, ನಮಗೆ ಬೇಡವಾದದ್ದೆಲ್ಲ ತಪ್ಪಾಗಿಯೇ ಕಾಣುತ್ತದೆ.

ಕೈತಪ್ಪಿ ಬಿದ್ದ ಸ್ಕೇಲನ್ನು ಏನು ಮಾಡಬೇಕು ಎಂಬುದನ್ನು ತುಂಬಾ ಜನ ಬರೆಯುವುದೇ ಇಲ್ಲ. 30 ಸೆಂ.ಮೀ. ಸ್ಕೇಲು ಪೂರ್ತಿ ಜಾರಿಹೋಗಲು 247 ಮಿಲಿಸೆಕೆಂಡ್ ಸಾಕು. ಅದಕ್ಕಿಂತ ನಿಧಾನವಾದ ಯಾವ ಪ್ರತಿಕ್ರಿಯೆಯನ್ನೂ ಈ ಉಪಕರಣ ಅಳೆಯಲಾರದು. ‘ಬಿತ್ತು, ಬಿಡು, ಇನ್ನೊಂದು ಸಲ’ ಎಂದು ಮುಂದೆ ಹೋದರೆ ನಿಧಾನವಾದವೆಲ್ಲ ಲೆಕ್ಕದಿಂದ ಹೊರಬಿದ್ದು, ಸರಾಸರಿ ನಿಜಕ್ಕಿಂತ ಚುರುಕಾಗಿ ಕಾಣುತ್ತದೆ. ಎಷ್ಟು ಸಲ ಕೈತಪ್ಪಿತು ಎಂಬ ಸಂಖ್ಯೆಯನ್ನು ವರದಿಯಲ್ಲಿ ಕೊಡಲೇಬೇಕು. ನಮ್ಮ ಉದಾಹರಣೆಯಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದಿಟ್ಟುಕೊಳ್ಳೋಣ.

ಚರ್ಚೆ: 10 ಮಿಲಿಸೆಕೆಂಡ್ ಬಂದದ್ದು ಎಲ್ಲಿಂದ?

ಚರ್ಚೆಯ ಮೊದಲ ವಾಕ್ಯ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬೇಕು: “ಕಾಫಿಯ ನಂತರದ ಸರಾಸರಿ ಪ್ರತಿಕ್ರಿಯಾ ಕಾಲ 10 ಮಿಲಿಸೆಕೆಂಡ್ ಕಡಿಮೆಯಾಗಿತ್ತು.” ‘ಕಾಫಿಯಿಂದ ಕಡಿಮೆಯಾಯಿತು’ ಎಂದು ಬರೆದರೆ ಅದು ಬೇರೆಯೇ ಮಾತು. ‘ನಂತರ’ ಎಂಬಲ್ಲಿ ‘ಇಂದ’ ಬಂದು ಕೂತುಬಿಟ್ಟರೆ, ಫಾರ್ವರ್ಡ್ ಮಾಡಲು ಒಂದು ಸಂದೇಶ ಸಿದ್ಧವಾದ ಹಾಗೆ.

ಮುಂದಿನ ಕೆಲಸ, ಆ 10 ಮಿಲಿಸೆಕೆಂಡ್ ಬೇರೆ ಎಲ್ಲಿಂದ ಬಂದಿರಬಹುದು ಎಂದು ಹುಡುಕುವುದು. ಮೊದಲ ಅನುಮಾನ ಅಭ್ಯಾಸದ ಮೇಲೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಆಕೆ ಹದಿನೈದು ಸಲ ಸ್ಕೇಲು ಹಿಡಿದಾಗಿತ್ತು. ಕಾಫಿಯ ಬದಲು ನೀರು ಕುಡಿದಿದ್ದರೂ ಕೈ ಪಳಗಿರುತ್ತಿತ್ತು. ಎರಡನೆಯದು ನಿರೀಕ್ಷೆ. ಕಾಫಿ ಕುಡಿದದ್ದು ಹಿಡಿಯುವವಳಿಗೂ ಗೊತ್ತು, ಬಿಡುವವರಿಗೂ ಗೊತ್ತು. ಬಿಡುವವರ ಬೆರಳು ಸಡಿಲವಾಗುವ ಸಣ್ಣ ಚಲನೆಯೇ ಸುಳಿವಾಗಬಹುದು. ಅವರು ಬೇಕೆಂದು ಹಾಗೆ ಮಾಡಬೇಕಾಗಿಯೂ ಇಲ್ಲ.

ಮೂರನೆಯದು ಸ್ಕೇಲನ್ನು ಓದುವ ರೀತಿ. 20 ಸೆಂ.ಮೀ. ಹತ್ತಿರ ಒಂದು ಸೆಂಟಿಮೀಟರ್ ಅಂದರೆ ಸುಮಾರು 5 ಮಿಲಿಸೆಕೆಂಡ್. ಮೊದಲ ಸುತ್ತಿನಲ್ಲಿ ಹೆಬ್ಬೆರಳಿನ ಕೆಳಗೆ ಓದಿ, ಎರಡನೇ ಸುತ್ತಿನಲ್ಲಿ ನಡುವೆ ಓದಿದರೆ ಅಷ್ಟರಿಂದಲೇ ಕೆಲವು ಮಿಲಿಸೆಕೆಂಡ್ ವ್ಯತ್ಯಾಸ ಬಂದುಬಿಡುತ್ತದೆ. ವಿಧಾನದಲ್ಲಿ ‘ಮೇಲಂಚಿನಲ್ಲೇ ಓದಲಾಯಿತು’ ಎಂದು ಬರೆದದ್ದರಿಂದ ಈ ಅನುಮಾನವನ್ನು ಇಲ್ಲಿ ಪಕ್ಕಕ್ಕಿಡಬಹುದು. ಬರೆಯದಿದ್ದರೆ ಹಾಗೆ ಮಾಡಲು ಬರುತ್ತಿರಲಿಲ್ಲ.

ಬಿಡಿಬಿಡಿ ಅಳತೆಗಳನ್ನೂ ನೋಡಬೇಕು. ನಾನಿಟ್ಟುಕೊಂಡ ಸಂಖ್ಯೆಗಳಲ್ಲಿ ಕಾಫಿಗೆ ಮುಂಚಿನವು 181ರಿಂದ 226ರವರೆಗೆ ಹರಡಿವೆ, ನಂತರದವು 169ರಿಂದ 217ರವರೆಗೆ. ಒಂದೇ ಸುತ್ತಿನೊಳಗೆ ಒಬ್ಬರದೇ ಕೈ 45 ಮಿಲಿಸೆಕೆಂಡಿನಷ್ಟು ಏರಿಳಿಯುತ್ತಿರುವಾಗ, ಹತ್ತೇ ಅಳತೆಗಳ ಸರಾಸರಿಯಲ್ಲಿ ಕಂಡ 10 ಮಿಲಿಸೆಕೆಂಡ್ ವ್ಯತ್ಯಾಸಕ್ಕೆ ಹೆಚ್ಚು ತೂಕ ಕೊಡಲಾಗುವುದಿಲ್ಲ.

ಹಾಗಾದರೆ ಕಾಫಿ ಏನೂ ಮಾಡುವುದಿಲ್ಲವೇ? ಹಾಗೆಯೂ ಹೇಳುವಂತಿಲ್ಲ. ಕೆಫೀನ್ ಎಚ್ಚರವನ್ನು ಹೆಚ್ಚಿಸಿ, ಪ್ರತಿಕ್ರಿಯೆಯನ್ನು ಸ್ವಲ್ಪ ಚುರುಕುಗೊಳಿಸುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದು ನಿಜ ಎಂದ ಮಾತ್ರಕ್ಕೆ ನಮ್ಮ ಪ್ರಯೋಗ ಅದನ್ನು ಸಾಬೀತು ಮಾಡಿದಂತಾಗುವುದಿಲ್ಲ. ಚರ್ಚೆಯಲ್ಲಿ “ಫಲಿತಾಂಶ ಹಿಂದಿನ ಅಧ್ಯಯನಗಳ ದಿಕ್ಕಿನಲ್ಲೇ ಇದೆ, ಆದರೆ ಅಭ್ಯಾಸದ ಪರಿಣಾಮವನ್ನು ಇದರಿಂದ ಬೇರ್ಪಡಿಸಲಾಗದು” ಎಂದು ಬರೆದರೆ ಸರಿಯಾಗುತ್ತದೆ.

ಕೊನೆಗೆ ‘ಮಾನವ ದೋಷದಿಂದ ವ್ಯತ್ಯಾಸ ಬಂದಿರಬಹುದು, ಇನ್ನೂ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಬೇಕಿತ್ತು’ ಎಂದು ಬರೆದು ಮುಗಿಸುವ ಅಭ್ಯಾಸವೊಂದಿದೆ. ನನ್ನ ಮಟ್ಟಿಗೆ ಇದು ಜಾಗ ತುಂಬಿಸುವ ವಾಕ್ಯ. ಯಾವ ದೋಷ, ಅದು ಸಂಖ್ಯೆಯನ್ನು ಯಾವ ಕಡೆಗೆ ತಳ್ಳುತ್ತದೆ ಎಂದು ಹೇಳದಿದ್ದರೆ ಓದುಗರಿಗೆ ಏನೂ ಸಿಗುವುದಿಲ್ಲ. ಜನರನ್ನು ಹೆಚ್ಚಿಸಿದರೂ ಈ ಪ್ರಯೋಗ ಸರಿಹೋಗುವುದಿಲ್ಲ. ನೂರು ಜನ ಬಂದರೂ ಎಲ್ಲರೂ ಮೊದಲು ಕಾಫಿಯಿಲ್ಲದೆ, ಆಮೇಲೆ ಕಾಫಿಯೊಂದಿಗೆ ಮಾಡಿದರೆ, ಅಭ್ಯಾಸವೂ ನೂರು ಪಟ್ಟು ಜೊತೆಗೇ ಬರುತ್ತದೆ. ಬದಲಾಗಬೇಕಿರುವುದು ಕ್ರಮ. ಎರಡು ಬೇರೆ ದಿನ ಮಾಡಿ, ಅರ್ಧ ಜನರಿಗೆ ಮೊದಲ ದಿನ ಕಾಫಿ, ಇನ್ನರ್ಧ ಜನರಿಗೆ ಎರಡನೇ ದಿನ ಕೊಡಬೇಕು. ಕಾಫಿಯಿಲ್ಲದ ದಿನ ಬರೀ ಚಿಕೋರಿಯ ಕಷಾಯಕ್ಕೆ ಹಾಲು ಹಾಕಿ ಕೊಡಬಹುದು, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಯಾವ ಲೋಟದಲ್ಲಿ ಏನಿದೆ ಎಂಬುದು ಸ್ಕೇಲು ಬಿಡುವವರಿಗೂ ತಿಳಿಯಬಾರದು. ರುಚಿ ನೋಡಿಯೇ ಕಂಡುಹಿಡಿಯುವ ಫಿಲ್ಟರ್ ಕಾಫಿ ಪ್ರಿಯರನ್ನು ಏನು ಮಾಡುವುದು ಎಂಬುದು ಬೇರೆ ಸಮಸ್ಯೆ!

ದೊಡ್ಡವರ ವರದಿಯಲ್ಲೂ ಇದೇ ಜಗಳ

ಇದು ವಿದ್ಯಾರ್ಥಿಗಳ ತಲೆನೋವು ಮಾತ್ರ ಅಲ್ಲ. ಲಂಡನ್ನಿನಲ್ಲಿ ಫ್ರಾನ್ಸಿಸ್ ಗಾಲ್ಟನ್ 1884ರಲ್ಲಿ ಒಂದು ಪ್ರಯೋಗಾಲಯ ತೆರೆದು, ಮೂರು ಪೆನ್ನಿ ಕೊಟ್ಟು ಬಂದವರ ಎತ್ತರ, ತೂಕ, ಕೈಬಲದಂಥವನ್ನು ಅಳೆದರು. ಅಲ್ಲಿ ಸಂಗ್ರಹವಾದ ಮಾಹಿತಿಯಲ್ಲಿ ಪ್ರತಿಕ್ರಿಯಾ ಕಾಲವೂ ಇತ್ತು. 2013ರಲ್ಲಿ ಕೆಲವು ಸಂಶೋಧಕರು ಆ ಕಾಲದ ಅಳತೆಗಳನ್ನು ಇತ್ತೀಚಿನವುಗಳ ಜೊತೆ ಹೋಲಿಸಿದರು. ಅಂದು ಸುಮಾರು 180 ಮಿಲಿಸೆಕೆಂಡ್ ಇದ್ದದ್ದು ಈಗ 250ರ ಆಸುಪಾಸಿಗೆ ಬಂದಿದೆ, ಅಂದರೆ ಅಂದಿನವರು ನಮಗಿಂತ ಬುದ್ಧಿವಂತರಾಗಿದ್ದರು ಎಂದು ವಾದಿಸಿದರು. ಸುದ್ದಿ ಎಲ್ಲೆಡೆ ಹರಡಿತು. ಟೀಕಿಸಿದವರು ನೇರವಾಗಿ ವಿಧಾನಕ್ಕೆ ಕೈ ಹಾಕಿದರು. ಅಂದಿನ ಉಪಕರಣ ಬೇರೆ, ಇಂದಿನ ಕಂಪ್ಯೂಟರ್ ಬೇರೆ, ಬಂದು ಅಳತೆ ಕೊಟ್ಟ ಜನರೂ ಬೇರೆ. ಹೀಗಿರುವಾಗ ಆ ವ್ಯತ್ಯಾಸ ಮೆದುಳಿನದೋ ಯಂತ್ರದ್ದೋ ಎಂದು ಹೇಳುವುದು ಹೇಗೆ?

ಮೊಬೈಲ್ ಪರೀಕ್ಷೆಗೂ ಇದೇ ಪ್ರಶ್ನೆ ಹಾಕಬಹುದು. 60 ಹರ್ಟ್ಸ್ ಪರದೆಯಲ್ಲಿ ಚಿತ್ರ ಬದಲಾಗುವುದು ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ನೀವು ಬೆರಳಿಟ್ಟದ್ದು ಫೋನಿಗೆ ತಿಳಿದು, ಆ್ಯಪ್‌ಗೆ ಮುಟ್ಟುವಷ್ಟರಲ್ಲಿ ಇನ್ನಷ್ಟು ಹೊತ್ತು ಕಳೆಯುತ್ತದೆ. ಈ ವಿಳಂಬ ಫೋನಿನಿಂದ ಫೋನಿಗೆ ಬೇರೆ, ಮತ್ತು ನೀವು ನೋಡುವ ಸಂಖ್ಯೆಯೊಳಗೆ ಅದೂ ಸೇರಿಕೊಂಡಿರುತ್ತದೆ. ಸ್ಕೇಲಿನಲ್ಲಿ 200 ಬಂದವರಿಗೆ ಫೋನಿನಲ್ಲಿ 270 ಬಂದರೆ ನಡುವಿನ 70ರಲ್ಲಿ ಮೆದುಳಿನ ಪಾಲೆಷ್ಟು, ಫೋನಿನ ಪಾಲೆಷ್ಟು ಎಂದು ಆ ಲಿಂಕ್ ಹೇಳುವುದಿಲ್ಲ. ವಯಸ್ಸಾದಂತೆ ಪ್ರತಿಕ್ರಿಯೆ ನಿಧಾನವಾಗುವುದು ನಿಜ. ಆದರೆ ಯಾವ ಫೋನ್, ಎಷ್ಟು ಸಲ ಒತ್ತಿದ್ದು, ಯಾವುದನ್ನು ಕೈಬಿಟ್ಟದ್ದು ಎಂಬ ವಿವರವಿಲ್ಲದ ಒಂದು ಅಳತೆಯಿಂದ ಯಾರ ಮೆದುಳಿನ ವಯಸ್ಸೂ ಸಿಗುವುದಿಲ್ಲ.