ಸ್ಕ್ರೀನ್‌ಶಾಟ್ ಕಳೆದಾಗ ಪುಟವನ್ನು ಬಾಯಲ್ಲಿ ತೋರಿಸುವುದು

ಹಳೆಯ ವಿಂಡೋಸ್ ಕಂಪ್ಯೂಟರುಗಳಲ್ಲಿ PrtSc ಕೀಲಿ ಒತ್ತಿದರೆ ಪರದೆಯ ಚಿತ್ರ ಯಾವ ಫೋಲ್ಡರಿಗೂ ಸೇರುವುದಿಲ್ಲ. ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಜಾಗದಲ್ಲಿ ಇರುತ್ತದೆ, ಅಷ್ಟೆ. ಅದನ್ನು ಎಲ್ಲಿಯೂ ಪೇಸ್ಟ್ ಮಾಡದೆ ಇನ್ನೊಂದು ಫೋನ್ ನಂಬರನ್ನು ಕಾಪಿ ಮಾಡಿದರೆ ಚಿತ್ರ ಹೋಯಿತು. ಫೋನಿನಲ್ಲಿ ಜಾಗ ಸಾಲದೆ ಚಿತ್ರಗಳನ್ನು ಒಟ್ಟಿಗೆ ಅಳಿಸುವಾಗ ಹೋಗುವ ಸ್ಕ್ರೀನ್‌ಶಾಟುಗಳೂ ಕಡಿಮೆಯಿಲ್ಲ. ಆ ಚಿತ್ರ ಯಾವುದೋ ವೆಬ್ ಪುಟದ ಮಾದರಿಯಾಗಿದ್ದು, ಅದರ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದ್ದರೆ, ಆಗ ಉಳಿಯುವುದು ನೋಡಿದವರ ನೆನಪು ಮತ್ತು ಮಾತು.

ಮಾತಿನಲ್ಲಿ ಪುಟ ತೋರಿಸಲು ಆಗುತ್ತದೆಯೇ? ಬಹಳ ಮಟ್ಟಿಗೆ ಆಗುತ್ತದೆ. ಆದರೆ ಎಲ್ಲರೂ ಶುರುಮಾಡುವ ರೀತಿಯಲ್ಲಿ ಆಗುವುದಿಲ್ಲ. ‘ಚೆನ್ನಾಗಿತ್ತು, ಆದರೆ ಏನೋ ತುಂಬಿಕೊಂಡ ಹಾಗಿತ್ತು’ ಎಂಬುದು ಅಭಿಪ್ರಾಯ, ವರ್ಣನೆಯಲ್ಲ. ಕೇಳುವವರಿಗೆ ಅದರಿಂದ ಒಂದು ಗೆರೆಯನ್ನೂ ಎಳೆಯಲು ಬರುವುದಿಲ್ಲ.

ಮೈಸೂರಿನ ಒಂದು ಸಣ್ಣ ಪುಸ್ತಕದಂಗಡಿಯನ್ನು ಊಹಿಸಿಕೊಳ್ಳಿ. ಪರಿಚಯದ ಹುಡುಗನೊಬ್ಬ ಅಂಗಡಿಗೆ ವೆಬ್‌ಸೈಟ್ ಮಾಡುತ್ತಿದ್ದಾನೆ. ಮುಖಪುಟದ ಮಾದರಿಯ ಲಿಂಕ್ ಕಳಿಸಿದ, ಮಾಲೀಕರು ನೋಡಿದರು, ಚಿತ್ರ ತೆಗೆದುಕೊಂಡೆವೆಂದು ನಂಬಿ ಸುಮ್ಮನಾದರು. ಮಾರನೆಯ ದಿನ ಲಿಂಕ್ ತೆರೆಯಲಿಲ್ಲ. ಹುಡುಗ ಊರಿಗೆ ಹೋಗಿದ್ದಾನೆ. ಬೆಂಗಳೂರಿನಲ್ಲಿ ವಿನ್ಯಾಸದ ಕೆಲಸ ಮಾಡುವ ತಮ್ಮನ ಮಗಳಿಗೆ ಮಾಲೀಕರು ಫೋನ್ ಮಾಡುತ್ತಾರೆ.

ಅವಳು ಮೊದಲು ಕೇಳಬೇಕಾದದ್ದು, ಚಿತ್ರ ನಿಜವಾಗಿಯೂ ಹೋಗಿದೆಯೇ ಎಂದು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ ಅಳಿಸಿದ ಮೇಲೂ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಸಾರ್ವಜನಿಕ ಪುಟವಾಗಿದ್ದರೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ web.archive.org ಎಂಬಲ್ಲಿ ಹಳೆಯ ಪ್ರತಿ ಸಿಗಬಹುದು. ಎರಡು ದಿನ ಬದುಕಿದ್ದ ಮಾದರಿ ಲಿಂಕ್ ಅಲ್ಲಿ ಸಿಗುವುದು ಅಪರೂಪ. ಸಿಗಲಿಲ್ಲವೆಂದರೆ ಮಾತಿಗೆ ಕೂರಬೇಕು.

“ದೊಡ್ಡಪ್ಪ, ನೀವು ನೋಡಿದ್ದು ಫೋನಿನಲ್ಲೋ ಅಂಗಡಿ ಕಂಪ್ಯೂಟರಿನಲ್ಲೋ?”

ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಇವತ್ತಿನ ವೆಬ್ ಪುಟ ಪರದೆಯ ಅಗಲ ನೋಡಿ ತನ್ನ ಜೋಡಣೆಯನ್ನೇ ಬದಲಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಮೂರು ಪುಸ್ತಕ ಅಕ್ಕಪಕ್ಕ ಕಂಡರೆ ಫೋನಿನಲ್ಲಿ ಅವೇ ಒಂದರ ಕೆಳಗೊಂದು ನಿಲ್ಲುತ್ತವೆ. ಮೆನು ಮೂರು ಅಡ್ಡಗೆರೆಗಳ ಗುರುತಿನೊಳಗೆ ಅಡಗುತ್ತದೆ. ಒಂದೇ ಕಂಪ್ಯೂಟರಿನಲ್ಲೂ ವ್ಯತ್ಯಾಸವಿದೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಅಕ್ಷರ ದೊಡ್ಡದಾಗಿ ಕಾಣಲೆಂದು ವಿಂಡೋಸ್‌ನ ಅಳತೆಯನ್ನು ಶೇಕಡ 125ಕ್ಕೆ ಇಟ್ಟಿದ್ದರೆ ಪುಟಕ್ಕೆ ಸಿಗುವ ಅಗಲ 1536 ಮಾತ್ರ. ಆದ್ದರಿಂದ ವರ್ಣನೆಯ ಮೊದಲ ವಾಕ್ಯದಲ್ಲಿ ಸಾಧನ ಯಾವುದು, ಕಿಟಕಿ ಪೂರ್ತಿ ತೆರೆದಿತ್ತೇ, ಅಕ್ಷರ ಹಿಗ್ಗಿಸಿದ್ದರೇ, ಕಂಡದ್ದು ಇಡೀ ಪುಟವೋ ಮೊದಲ ಪರದೆಯಷ್ಟೋ ಎಂಬುದು ಬರಬೇಕು. ಇಷ್ಟು ಗೊತ್ತಾದರೆ ಕೇಳುವವರು ಹಾಳೆಯ ಮೇಲೆ ಚೌಕಟ್ಟು ಎಳೆದುಕೊಳ್ಳುತ್ತಾರೆ.

ಮುಂದೆ ಮೇಲಿನಿಂದ ಕೆಳಕ್ಕೆ ಹೋಗಬೇಕು. ನೆನಪಿಗೆ ಮೊದಲು ಬಂದದ್ದನ್ನು ಮೊದಲು ಹೇಳುವ ಚಾಳಿ ಎಲ್ಲರಿಗೂ ಇದೆ, ಅದನ್ನು ತಡೆಯಬೇಕು. ಅಳತೆಯನ್ನು ಪಿಕ್ಸೆಲಿನಲ್ಲಿ ಹೇಳುವ ಸಾಹಸವೂ ಬೇಡ. ಪಾಲಿನ ಲೆಕ್ಕ ಸಾಕು. ಮಾಲೀಕರು ಹೀಗೆ ಹೇಳಿದರೆನ್ನಿ: “ಮೇಲೆ ಅಂಗಡಿ ಹೆಸರಿನ ಪಟ್ಟಿ. ಅದರ ಕೆಳಗೆ ಮೆನು. ಅದರ ಕೆಳಗೆ ದೊಡ್ಡದೊಂದು ಕಪಾಟಿನ ಫೋಟೊ. ಇವು ಮೂರೇ ಪರದೆಯ ಮುಕ್ಕಾಲು ಭಾಗ ತಿಂದಿದ್ದವು ಕಣಮ್ಮ. ಪುಸ್ತಕ ನೋಡಬೇಕಾದರೆ ಕೆಳಗೆ ಸರಿಸಬೇಕಿತ್ತು.” ಇದರಲ್ಲಿ ಒಂದೇ ಒಂದು ಅಂಕಿಯಿಲ್ಲ. ಆದರೂ ವಿನ್ಯಾಸ ಬಲ್ಲವಳಿಗೆ ದೊಡ್ಡ ದೋಷ ಕಂಡಾಯಿತು. 768 ಪಿಕ್ಸೆಲ್ ಎತ್ತರದ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಪಟ್ಟಿಗಳೂ ಕೆಳಗಿನ ಟಾಸ್ಕ್‌ಬಾರೂ ಕಳೆದು ಉಳಿಯುವುದು ಹೆಚ್ಚೆಂದರೆ ಸುಮಾರು 650. ಅದರಲ್ಲೂ ಮುಕ್ಕಾಲು ಅಲಂಕಾರಕ್ಕೇ ಹೋದರೆ, ಪುಸ್ತಕದಂಗಡಿಯ ಮೊದಲ ಪರದೆಯಲ್ಲಿ ಪುಸ್ತಕವೇ ಇಲ್ಲ.

ಮೆನುವಿನಲ್ಲಿ ಎಷ್ಟು ಪದಗಳಿದ್ದವು, ಯಾವ ಕ್ರಮದಲ್ಲಿ, ಒಂದೇ ಸಾಲಿನಲ್ಲಿ ಹಿಡಿದಿದ್ದವೇ? ಕನ್ನಡದ ಮೆನುವಿಗೆ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹೋಮ್, ಬುಕ್ಸ್, ಕಾರ್ಟ್ ಎಂಬ ಇಂಗ್ಲಿಷ್ ಪದಗಳಿಗೆಂದು ಮಾಡಿದ ಅಚ್ಚಿನಲ್ಲಿ ‘ಮುಖಪುಟ’, ‘ಮಕ್ಕಳ ಪುಸ್ತಕಗಳು’, ‘ನಮ್ಮನ್ನು ಸಂಪರ್ಕಿಸಿ’ ಎಂದು ತುಂಬಿದಾಗ ಸಾಲು ಒಡೆಯುತ್ತದೆ. ನಮ್ಮ ಮಾಲೀಕರಿಗೆ ಏಳೋ ಎಂಟೋ ಪದಗಳಿದ್ದವೆಂದು ನೆನಪು; ‘ಖರೀದಿ ಬುಟ್ಟಿ’ ಮಾತ್ರ ಎರಡನೆಯ ಸಾಲಿಗೆ ಜಾರಿ ಎಡ ಅಂಚಿನಲ್ಲಿ ಒಂಟಿಯಾಗಿತ್ತು ಎಂಬುದು ಖಚಿತ. ಎಣಿಕೆ ಮಸುಕಾದರೂ ಜಾರಿದ್ದು ಖಚಿತವಿದ್ದರೆ ಸಾಕು. ಯಾವುದು ಖಚಿತ, ಯಾವುದು ಅಂದಾಜು ಎಂದು ಬಿಡಿಸಿ ಹೇಳಿದರೆ ಕೇಳುವವರು ಅಂದಾಜಿನ ಮೇಲೆ ಸಲಹೆ ಕಟ್ಟುವುದಿಲ್ಲ.

ಇನ್ನು ಕೆಲವು ಸಂಗತಿಗಳು ಚಿತ್ರ ಇದ್ದಿದ್ದರೂ ತಿಳಿಯುತ್ತಿರಲಿಲ್ಲ. ಮೆನುವಿನ ಮೇಲೆ ಮೌಸ್ ಇಟ್ಟರೆ ಉಪಪಟ್ಟಿ ಇಳಿಯುತ್ತದೆಯೇ, ಪುಟ ಸರಿಸಿದಾಗ ಮೇಲಿನ ಪಟ್ಟಿ ಅಲ್ಲೇ ಅಂಟಿಕೊಂಡಿರುತ್ತದೆಯೇ, ಕಪಾಟಿನ ಫೋಟೊ ತಾನಾಗಿ ಬದಲಾಗುತ್ತದೆಯೇ? ಸ್ಕ್ರೀನ್‌ಶಾಟ್ ಒಂದು ಕ್ಷಣದ ಚಿತ್ರ. ಪುಟವನ್ನು ಸ್ವತಃ ಬಳಸಿ ನೋಡಿದ ಮನುಷ್ಯನ ಮಾತು ಇಲ್ಲಿ ಚಿತ್ರಕ್ಕಿಂತ ಮೇಲು. ಕಳೆದ ಕಡತಕ್ಕಾಗಿ ಗೋಳಾಡುವವರು ಇದನ್ನು ಮರೆಯುತ್ತಾರೆ.

ಅಂತರದ ಮಾತು ಸ್ವಲ್ಪ ನಾಜೂಕು. ‘ಜಾಗ ಕಡಿಮೆಯಿತ್ತು’ ಎಂದರೆ ಏನೂ ಹೇಳಿದಂತಲ್ಲ. ಯಾವುದಕ್ಕೂ ಯಾವುದಕ್ಕೂ ನಡುವೆ, ಮತ್ತು ಅದರ ಪಕ್ಕದ ಅಂತರಕ್ಕೆ ಹೋಲಿಸಿದರೆ ಹೇಗೆ ಎಂದು ಹೇಳಬೇಕು. ಹತ್ತಿರವಿರುವ ವಸ್ತುಗಳನ್ನು ಕಣ್ಣು ಒಂದು ಗುಂಪಾಗಿ ಕಾಣುತ್ತದೆಂದು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1923ರಲ್ಲೇ ಬರೆದಿದ್ದ. ಪುಟ ವಿನ್ಯಾಸದ ಅರ್ಧ ವಿದ್ಯೆ ಅಲ್ಲಿದೆ. ನಮ್ಮ ಪುಸ್ತಕದಂಗಡಿಯ ಪುಟದಲ್ಲಿ ಪುಸ್ತಕಗಳ ರಕ್ಷಾಪುಟಗಳು ಎರಡು ಸಾಲಿನಲ್ಲಿದ್ದವು. ಪ್ರತಿ ರಕ್ಷಾಪುಟದ ಕೆಳಗೆ ಹೆಸರು, ಬೆಲೆ. ಮಾಲೀಕರಿಗೆ ಒಮ್ಮೆ ಯಾವ ಬೆಲೆ ಯಾವ ಪುಸ್ತಕದ್ದೆಂದು ಗೊಂದಲವಾಗಿತ್ತಂತೆ.

“ಬೆಲೆಗೂ ಮೇಲಿನ ಪುಸ್ತಕಕ್ಕೂ ನಡುವೆ ಎಷ್ಟು ಸಾಲು ಅಕ್ಷರ ಹಿಡಿಸುತ್ತಿತ್ತು, ದೊಡ್ಡಪ್ಪ?”

“ಎರಡು ಹಿಡಿಸುತ್ತಿತ್ತೇನೋ.”

“ಕೆಳಗಿನ ಪುಸ್ತಕಕ್ಕೆ?”

“ಒಂದೂ ಹಿಡಿಸುತ್ತಿರಲಿಲ್ಲ.”

ಅಲ್ಲಿಗೆ ಕಾರಣ ಸಿಕ್ಕಿತು. ಬೆಲೆ ತನ್ನ ಪುಸ್ತಕವನ್ನು ಬಿಟ್ಟು ಕೆಳಗಿನದಕ್ಕೆ ಅಂಟಿಕೊಂಡಿದೆ. ಅಕ್ಷರದ ಸಾಲನ್ನೇ ಅಳತೆಗೋಲಾಗಿ ಬಳಸಿದ್ದರಿಂದ ಪಿಕ್ಸೆಲ್ ಬೇಕಾಗಲಿಲ್ಲ. ಒಳಗಿನ ಅಂತರ ಕಡಿಮೆ, ಹೊರಗಿನ ಅಂತರ ಅದರ ಎರಡರಷ್ಟಾದರೂ ಇರಲಿ ಎಂಬ ಸಲಹೆ ಕೊಡಲು ಇಷ್ಟೇ ಸಾಕು.

‘ತುಂಬಿಕೊಂಡ ಹಾಗಿತ್ತು’ ಎಂದು ಮಾಲೀಕರು ಮೊದಲೇ ಅಂದಿದ್ದರಲ್ಲ, ಅದರ ಬೇರೆ ಕಾರಣ ಅಂಗಡಿಯ ಪರಿಚಯದ ಬರಹದಲ್ಲಿತ್ತು. ‘ಒತ್ತಕ್ಷರ ಕೆಳಗಿನ ಸಾಲಿಗೆ ತಗುಲುತ್ತಿತ್ತೇ?’ ಎಂದು ಕೇಳಿದಾಗ ಅವರು ಹೌದೆಂದರು. ಇಂಗ್ಲಿಷ್ ಅಕ್ಷರಕ್ಕೆ ಹೊಂದುವ `line-height: 1.2` ಎಂಬ ಸಾಲಿನ ಅಳತೆಯನ್ನು ಕನ್ನಡಕ್ಕೂ ಹಾಗೆಯೇ ಬಿಟ್ಟರೆ ‘ಸ್ತ್ರೀ’, ‘ಶಾಸ್ತ್ರ’ದಂಥ ಪದಗಳ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. ಕನ್ನಡಕ್ಕೆ 1.6ರ ಸುತ್ತಮುತ್ತ ಇರಬೇಕು; ಫಾಂಟ್ ನೋಡಿಕೊಂಡು ಸ್ವಲ್ಪ ಹೆಚ್ಚುಕಡಿಮೆ.

ಬಣ್ಣದ ವಿಷಯಕ್ಕೆ ಬಂದರೆ ಮಾತು ಸೋಲತೊಡಗುತ್ತದೆ. ಬಣ್ಣ ನೆನಪಿನಲ್ಲಿ ಇದ್ದದ್ದಕ್ಕಿಂತ ಗಾಢವಾಗುವ ಸಾಧ್ಯತೆ ಹೆಚ್ಚು. ಹೆಸರುಗಳೂ ನಂಬಿಕೆಗೆ ಅರ್ಹವಲ್ಲ. ಬ್ರೌಸರುಗಳು ಗುರುತಿಸುವ ಬಣ್ಣದ ಪಟ್ಟಿಯಲ್ಲೇ `darkgray` ಎಂಬ ‘ಗಾಢ ಬೂದಿ’ ಬರಿಯ `gray` ಬೂದಿಗಿಂತ ತಿಳಿಯಾಗಿದೆ. ಯಾರೋ ಹಿಂದೆ ಮಾಡಿದ ಎಡವಟ್ಟು ಹಾಗೆಯೇ ಉಳಿದುಬಂದಿದೆ. ಸೀರೆ ಅಂಗಡಿಯ ಮಾತು ಇದಕ್ಕಿಂತ ವಾಸಿ. ರಾಮಾ ಗ್ರೀನ್, ಬಾಟಲ್ ಗ್ರೀನ್, ಗಿಳಿ ಹಸಿರು ಎಂದರೆ ನಮ್ಮವರಿಗೆ ಮೂರೂ ಬೇರೆಬೇರೆಯಾಗಿಯೇ ಕಾಣುತ್ತವೆ.

ಮಾಲೀಕರು ಮೆನುವಿನ ಪಟ್ಟಿ ಕೆಂಪು, ಅಕ್ಷರ ಬಿಳಿ ಎಂದರು. ಎಂಥ ಕೆಂಪು ಎಂಬುದರ ಮೇಲೆ ತೀರ್ಪು ನಿಂತಿದೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಒಕ್ಕೂಟದ ಮಾರ್ಗಸೂಚಿಯಂತೆ ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಅಪ್ಪಟ ಕೆಂಪು `#FF0000` ಮೇಲೆ ಬಿಳಿ ಅಕ್ಷರವಿದ್ದರೆ ಅದು ಸುಮಾರು 4, ಅನುತ್ತೀರ್ಣ. ಮರೂನ್ `#800000` ಆಗಿದ್ದರೆ ಸುಮಾರು 11, ನಿಶ್ಚಿಂತೆ. ಬಾಯಲ್ಲಿ ಎರಡಕ್ಕೂ ‘ಕೆಂಪು’ ಎಂದೇ ಅನ್ನುತ್ತೇವೆ. ಕುಂಕುಮದ ಕೆಂಪೋ ಇಟ್ಟಿಗೆಯ ಕೆಂಪೋ ಎಂದು ಕೇಳಿದರೆ ಸ್ವಲ್ಪ ಹತ್ತಿರ ಬರಬಹುದು. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೋ ಇಲ್ಲವೋ ಎಂದು ಹೇಳುವಷ್ಟು ಹತ್ತಿರ ಬರುವುದಿಲ್ಲ. ಬಣ್ಣದ ಬಗ್ಗೆ ಹೇಳಬಹುದಾದದ್ದು, ಎಷ್ಟು ಬಣ್ಣಗಳಿದ್ದವು, ಯಾವುದು ಎಲ್ಲಿ ಹರಡಿತ್ತು, ‘ಕೊಳ್ಳಿ’ ಎಂಬ ಗುಂಡಿಯ ಬಣ್ಣ ಬೇರೆಲ್ಲಿಯಾದರೂ ಬಳಕೆಯಾಗಿತ್ತೇ ಎಂಬಷ್ಟು. ಇಲ್ಲಿ ಗುಂಡಿಯೂ ಮೆನುವೂ ಒಂದೇ ಕೆಂಪು, ಆದ್ದರಿಂದ ಗುಂಡಿ ಎದ್ದು ಕಾಣುತ್ತಿರಲಿಲ್ಲ. ಈ ದೋಷಕ್ಕೆ ಬಣ್ಣದ ಸಂಖ್ಯೆ ಬೇಕಿಲ್ಲ.

ಫೋನಿನ ಮಾತು ಮುಗಿದ ಮೇಲೆ ಅದನ್ನು ನಾಲ್ಕು ಸಾಲಿನಲ್ಲಿ ಬರೆದು ಹುಡುಗನಿಗೆ ಕಳಿಸಬೇಕು. ಅವನ ಬಳಿ ಮೂಲ ಇರುತ್ತದೆ, ತಾಳೆ ನೋಡುತ್ತಾನೆ. ಬರಹ ಹೀಗಿರಬಹುದು:

“ಅಂಗಡಿಯ ಕಂಪ್ಯೂಟರ್, ಪೂರ್ತಿ ತೆರೆದ ಕಿಟಕಿ. ಹೆಸರು, ಮೆನು, ಫೋಟೊ ಸೇರಿ ಮೊದಲ ಪರದೆಯ ಮುಕ್ಕಾಲು ಪಾಲು. ಪುಸ್ತಕ ಕಾಣುತ್ತಿರಲಿಲ್ಲ, ಖಚಿತ. ಮೆನು ಎರಡು ಸಾಲು, ‘ಖರೀದಿ ಬುಟ್ಟಿ’ ಕೆಳಗೆ ಒಂಟಿ, ಖಚಿತ. ಬೆಲೆ ತನ್ನ ಪುಸ್ತಕಕ್ಕಿಂತ ಕೆಳಗಿನದಕ್ಕೆ ಹತ್ತಿರ, ಖಚಿತ. ಅಂತರ ಎಷ್ಟೆಂಬುದು ಅಂದಾಜು. ಪರಿಚಯದ ಬರಹದಲ್ಲಿ ಒತ್ತಕ್ಷರ ತಗುಲುತ್ತಿತ್ತು. ಮೆನು, ‘ಕೊಳ್ಳಿ’ ಗುಂಡಿ ಒಂದೇ ಕೆಂಪು. ಎಂಥ ಕೆಂಪು ಎಂಬುದು ನೆನಪಿಲ್ಲ.”

ಗಮನಿಸಿ, ಇದರಲ್ಲಿ ‘ಚೆನ್ನಾಗಿಲ್ಲ’ ಎಂಬ ಪದ ಒಮ್ಮೆಯೂ ಬಂದಿಲ್ಲ. ಹುಡುಗ ಮುನಿಸಿಕೊಳ್ಳಲು ಕಾರಣವಿಲ್ಲ. ಪ್ರತಿಯೊಂದನ್ನೂ ಸರಿ ಅಥವಾ ತಪ್ಪು ಎಂದು ಅವನೇ ನೋಡಿಕೊಳ್ಳಬಹುದು.

ಕೊನೆಗೆ ಅಭಿಪ್ರಾಯ ಕೊಡುವವರಿಗೊಂದು ಮಾತು. ಇಂಥ ವರ್ಣನೆಯ ಮೇಲೆ ಕ್ರಮ, ಗುಂಪು, ಪ್ರಾಮುಖ್ಯಗಳ ಬಗ್ಗೆ ಧೈರ್ಯವಾಗಿ ಹೇಳಿ. ಬಣ್ಣದ ಹೊಂದಾಣಿಕೆ, ಅಕ್ಷರದ ಗಾತ್ರ, ಅಂಚುಗಳ ನೇರ ಇವುಗಳ ಬಗ್ಗೆ ಮಾತ್ರ ಪುಟವೋ ಚಿತ್ರವೋ ಕಣ್ಣೆದುರು ಬರುವ ತನಕ ಅಭಿಪ್ರಾಯ ಕೊಡಬೇಡಿ.